ಆರು ಗ್ರಾಮಿನ ದಾನ

ಒಂದೇ ಹಿಟ್ಟಿನಿಂದ, ಒಂದೇ ಕಾವಲಿಯ ಮೇಲೆ, ಒಂದೇ ಕೈ ಹುಯ್ದ ಹತ್ತು ದೋಸೆಗಳಲ್ಲಿ ಒಂದರಂತೆ ಇನ್ನೊಂದಿರುವುದಿಲ್ಲ. ಗೃಹಿಣಿಯ ಕೈಗುಣವನ್ನು ಇದಕ್ಕಾಗಿ ಯಾರೂ ಹಳಿಯುವುದಿಲ್ಲ. ಆದರೆ ಕಾರ್ಖಾನೆಯ ಯಂತ್ರ ತುಂಬಿದ ಹತ್ತು ಪೊಟ್ಟಣಗಳ ತೂಕ ಬೇರೆ ಬೇರೆಯಾದರೆ ಮಾತ್ರ ಯಾರದೋ ತಪ್ಪಿರಬೇಕೆಂದು ಎಲ್ಲರಿಗೂ ತೋರುತ್ತದೆ. ಯಾರದು ತಪ್ಪು, ಅಥವಾ ಅದು ತಪ್ಪೇ ಹೌದೇ ಎಂಬ ಪ್ರಶ್ನೆಯಿಂದಲೇ ‘ಸಮಗ್ರ ಗುಣಮಟ್ಟ ನಿರ್ವಹಣೆ’ ಎಂಬ ವಿದ್ಯೆಯೂ, ‘ಆರು ಸಿಗ್ಮಾ’ ಎಂಬ ಅದರ ಕಿರಿಯ ತಂಗಿಯೂ ಹುಟ್ಟಿದುವು.

ಕಾಫಿಪುಡಿಯ ಒಂದು ಕಾರ್ಖಾನೆಯನ್ನು ಕಲ್ಪಿಸಿಕೊಳ್ಳಬಹುದು. ದಿನಕ್ಕೆ ೧೦,೦೦೦ ಪೊಟ್ಟಣಗಳು. ಪ್ರತಿಯೊಂದರ ಮೇಲೂ ೨೦೦ ಗ್ರಾಂ ಎಂದು ಅಚ್ಚಾಗಿದೆ. ಪುಡಿ ತುಂಬುವ ಯಂತ್ರದ ಮೇಲ್ಗಡೆ ಹಾಪರ್ ಎಂಬ ದೊಡ್ಡ ಆಲಿಕೆ; ಅದರ ಬುಡದಲ್ಲಿ ಒಂದು ತಿರುಪು. ತಿರುಪು ಇಂತಿಷ್ಟು ಸುತ್ತು ಸುತ್ತಿದರೆ ಇಂತಿಷ್ಟು ಪುಡಿ ಕೆಳಗಿಳಿಯುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ತಿರುಪು ಅಳೆಯುವುದು ತೂಕವನ್ನಲ್ಲ, ಗಾತ್ರವನ್ನು. ಸೇರಿನಲ್ಲಿ ಅಳೆದ ಅಕ್ಕಿಯಂತೆ, ಪುಡಿ ಒತ್ತಾಗಿದ್ದರೆ ತೂಕ ಹೆಚ್ಚು, ಸಡಿಲವಾಗಿದ್ದರೆ ಕಡಿಮೆ.

ಒಂದು ಬೆಳಗ್ಗೆ ಒಂದರ ಹಿಂದೊಂದಾಗಿ ಬಂದ ಐದು ಪೊಟ್ಟಣಗಳನ್ನು ತೂಗಿದಾಗ ಒಳಗಿನ ಪುಡಿ ೨೦೪, ೨೦೭, ೨೦೯, ೨೦೫, ೨೦೫ ಗ್ರಾಂ ಇತ್ತೆನ್ನೋಣ. ಸರಾಸರಿ ೨೦೬. ಪ್ರತಿಯೊಂದೂ ಸರಾಸರಿಯಿಂದ ಎಷ್ಟು ಸರಿದಿದೆ? ಎರಡು ಕಡಿಮೆ, ಒಂದು ಹೆಚ್ಚು, ಮೂರು ಹೆಚ್ಚು, ಒಂದು ಕಡಿಮೆ, ಒಂದು ಕಡಿಮೆ. ಇವುಗಳನ್ನು ಹಾಗೆಯೇ ಕೂಡಿದರೆ ಸೊನ್ನೆಯಾಗಿಬಿಡುತ್ತದೆ. ಆದ್ದರಿಂದ ವರ್ಗಮಾಡಿ ಕೂಡಬೇಕು: ೪, ೧, ೯, ೧, ೧, ಒಟ್ಟು ೧೬. ಪೊಟ್ಟಣಗಳ ಸಂಖ್ಯೆಗಿಂತ ಒಂದು ಕಡಿಮೆ, ಎಂದರೆ ನಾಲ್ಕರಿಂದ, ಭಾಗಿಸಿದರೆ ೪. ಅದರ ವರ್ಗಮೂಲ ೨. ಈ ೨ ಗ್ರಾಮೇ ಸಿಗ್ಮಾ. ಗ್ರೀಕರ ಒಂದು ಅಕ್ಷರದ ಹೆಸರು ಅದು. ಯಂತ್ರದ ಹೊಯ್ದಾಟಕ್ಕೆ ಅಳತೆ ಎಂದರೆ ಸಾಕು. ನಿಜವಾದ ಕೆಲಸದಲ್ಲಿ ಐದು ಪೊಟ್ಟಣ ಸಾಲದು, ನೂರಾದರೂ ಬೇಕು. ಅದಕ್ಕೂ ಮೊದಲು ತಕ್ಕಡಿಯನ್ನೇ ಪರೀಕ್ಷಿಸಬೇಕು. ಒಂದೇ ಪೊಟ್ಟಣವನ್ನು ಹತ್ತು ಸಲ ಇಟ್ಟಾಗ ಹತ್ತು ತೂಕ ತೋರಿಸುವ ತಕ್ಕಡಿ ತನ್ನ ಹೊಯ್ದಾಟವನ್ನು ಯಂತ್ರದ ತಲೆಗೆ ಕಟ್ಟುತ್ತದೆ.

ಹೊಯ್ದಾಟ ಹಲವು ಸಣ್ಣ ಕಾರಣಗಳಿಂದ ಬಂದಾಗ ತೂಕಗಳು ಸಾಮಾನ್ಯವಾಗಿ ಗಂಟೆಯ ಆಕಾರದಲ್ಲಿ ಹರಡಿಕೊಳ್ಳುತ್ತವೆ: ಸರಾಸರಿಯ ಬಳಿ ಗುಂಪು, ದೂರ ಹೋದಂತೆ ವಿರಳ. ಸರಾಸರಿಯಿಂದ ಎರಡೂ ಕಡೆಗೆ ಮೂರು ಸಿಗ್ಮಾ ದೂರದೊಳಗೆ ಹತ್ತು ಸಾವಿರದಲ್ಲಿ ೨೭ರ ಹೊರತು ಮಿಕ್ಕವೆಲ್ಲ ಬೀಳುತ್ತವೆ. ಕಾರ್ಖಾನೆಯ ಒಡೆಯರು ೨೦೬ ಗ್ರಾಮಿಗೆ ಗುರಿಯಿಟ್ಟ ಗುಟ್ಟು ಇದೇ. ಮೂರು ಸಿಗ್ಮಾ ಎಂದರೆ ೬ ಗ್ರಾಂ. ಕೆಳಗೆ ೨೦೦, ಮೇಲೆ ೨೧೨. ೨೦೦ಕ್ಕಿಂತ ಕೆಳಗಿಳಿದರೆ ಗಿರಾಕಿಗೆ ಮೋಸ. ೨೧೨ ದಾಟಿದರೆ ಪುಡಿ ಬಾಯಿಗೆ ಸಿಕ್ಕಿ ಪೊಟ್ಟಣದ ಅಂಟು ಕೂಡುವುದಿಲ್ಲ. ಆದರೆ ಈ ಜಾಗರೂಕತೆಗೆ ಬೆಲೆ ಉಂಟು. ಪೊಟ್ಟಣಕ್ಕೆ ೬ ಗ್ರಾಮಿನಂತೆ ದಿನಕ್ಕೆ ೬೦ ಕಿಲೋ ಪುಡಿ ಪುಕ್ಕಟೆ ಹೋಗುತ್ತದೆ. ಅದು ಧರ್ಮದ ದಾನವಲ್ಲ. ಹೊಯ್ದಾಟಕ್ಕೆ ತೆತ್ತ ಕಂದಾಯ.

ಇಷ್ಟು ತೆತ್ತರೂ ದೂರು ನಿಲ್ಲಲಿಲ್ಲ. ದಿನಕ್ಕೆ ೨೭ ಹೋಗಿ ನೂರಾರು ಪೊಟ್ಟಣಗಳು ತಳ್ಳಿಹಾಕಲ್ಪಟ್ಟವು. ಒಡೆಯರು ಯಂತ್ರದ ಬಳಿ ನಿಂತ ಹುಡುಗನಿಗೆ ಜುಲ್ಮಾನೆ ಹಾಕಿದರು. ಹುಡುಗ ಹೆದರಿ ಇನ್ನೂ ಎಚ್ಚರವಹಿಸಿದ. ಪ್ರತಿ ಪೊಟ್ಟಣವನ್ನೂ ತೂಗಿ, ಎರಡು ಗ್ರಾಂ ಕಡಿಮೆ ಬಂದರೆ ಯಂತ್ರವನ್ನು ಎರಡು ಗ್ರಾಂ ಏರಿಸುತ್ತ, ಹೆಚ್ಚು ಬಂದರೆ ಅಷ್ಟೇ ಇಳಿಸುತ್ತ ಹೋದ. ತಳ್ಳಿಹಾಕಿದ ಪೊಟ್ಟಣಗಳು ಇನ್ನೂ ಹೆಚ್ಚಾದುವು!

ಇದು ವಿಚಿತ್ರವಾಗಿ ಕಂಡರೂ ಲೆಕ್ಕಕ್ಕೆ ಸರಿಯಾದುದೇ. ಈ ಪೊಟ್ಟಣ ಎರಡು ಗ್ರಾಂ ಕಡಿಮೆಯಾದದ್ದು ಆಕಸ್ಮಿಕ; ಮುಂದಿನದು ತನ್ನಷ್ಟಕ್ಕೆ ತಾನು ಹೇಗೋ ಬರುತ್ತಿತ್ತು. ಈಗ ಅದರ ಸ್ವಂತ ಹೊಯ್ದಾಟದ ಮೇಲೆ ಹಿಂದಿನದರ ಹೊಯ್ದಾಟವೂ ಕೂಡಿಕೊಂಡಿತು. ಹೊಯ್ದಾಟಗಳು ಕೂಡುವಾಗ ಅವುಗಳ ವರ್ಗಗಳು ಕೂಡುತ್ತವೆ: ೪ಕ್ಕೆ ೪ ಸೇರಿ ೮, ಅದರ ವರ್ಗಮೂಲ ಸುಮಾರು ೨.೮. ಹುಡುಗನ ಶ್ರದ್ಧೆಯೇ ಸಿಗ್ಮಾವನ್ನು ಎರಡರಿಂದ ಎರಡೂಮುಕ್ಕಾಲು ದಾಟಿಸಿತು. ಅಮೆರಿಕದ ಎಡ್ವರ್ಡ್ಸ್ ಡೆಮಿಂಗ್ ಎಂಬವರು ಆಲಿಕೆಯೊಂದರ ಮೂಲಕ ಗೋಲಿಗಳನ್ನು ಬೀಳಿಸಿ ತಮ್ಮ ಶಿಷ್ಯರಿಗೆ ಇದನ್ನೇ ಕಣ್ಣಾರೆ ತೋರಿಸುತ್ತಿದ್ದರು. ೧೯೫೦ರಲ್ಲಿ ಜಪಾನಿನ ಇಂಜಿನಿಯರುಗಳಿಗೂ ಕಾರ್ಖಾನೆಗಳ ಒಡೆಯರಿಗೂ ಪಾಠ ಹೇಳಿದವರು ಅವರು.

ಹಾಗಾದರೆ ಯಾವಾಗ ಕೈಹಾಕಬೇಕು, ಯಾವಾಗ ಸುಮ್ಮನಿರಬೇಕು? ಇದಕ್ಕೆ ೧೯೨೪ರಲ್ಲಿಯೇ ಉತ್ತರ ಕಂಡುಕೊಂಡವರು ಅಮೆರಿಕದ ವಾಲ್ಟರ್ ಷೂಹಾರ್ಟ್. ಅವರ ಉಪಾಯದ ಹೆಸರು ನಿಯಂತ್ರಣ ನಕ್ಷೆ. ಅರ್ಧ ಗಂಟೆಗೊಮ್ಮೆ ಐದು ಪೊಟ್ಟಣಗಳನ್ನು ತೂಗಿ ಸರಾಸರಿಯನ್ನು ಮಾತ್ರ ಕಾಗದದ ಮೇಲೆ ಚುಕ್ಕೆಯಿಡುವುದು. ಐದರ ಸರಾಸರಿ ಒಂಟಿ ಪೊಟ್ಟಣದಷ್ಟು ಹೊಯ್ದಾಡುವುದಿಲ್ಲ. ಅದರ ಸಿಗ್ಮಾ ೨ನ್ನು ೫ರ ವರ್ಗಮೂಲದಿಂದ ಭಾಗಿಸಿದಷ್ಟು, ಸುಮಾರು ೦.೯. ಅದರ ಮೂರರಷ್ಟು ದೂರದಲ್ಲಿ, ೨೦೩.೩ ಮತ್ತು ೨೦೮.೭ರಲ್ಲಿ, ಎರಡು ಗೆರೆಗಳು. ಚುಕ್ಕೆ ಗೆರೆಗಳ ನಡುವೆ ಇರುವ ತನಕ ಯಂತ್ರವನ್ನು ಮುಟ್ಟಕೂಡದು. ಗೆರೆ ದಾಟಿದರೆ ಏನೋ ವಿಶೇಷ ಕಾರಣವಿದೆ, ಕೂಡಲೇ ಹುಡುಕಬೇಕು.

ಹುಡುಗನ ಕೈಗೆ ಪೆನ್ಸಿಲು ಬಂತು. ಮೂರು ದಿನಗಳಲ್ಲಿ ನಕ್ಷೆ ಮಾತನಾಡಿತು. ಪ್ರತಿದಿನವೂ ಮಧ್ಯಾಹ್ನದ ಊಟಕ್ಕೆ ಮುಂಚೆ ಒಮ್ಮೆ, ಸಂಜೆ ಕೆಲಸ ಮುಗಿಯುವುದಕ್ಕೆ ಮುಂಚೆ ಒಮ್ಮೆ ಚುಕ್ಕೆಗಳು ಕೆಳಗೆರೆಯನ್ನು ದಾಟಿ ೨೦೩ರ ಸುತ್ತ ಬೀಳುತ್ತಿದ್ದುವು.

“ಆ ಹೊತ್ತಿಗೆ ಏನಾಗುತ್ತದೆಯಪ್ಪ?” ಎಂದು ಇಂಜಿನಿಯರು ಕೇಳಿದರು.

“ಹಾಪರು ತಳಕಂಡಿರುತ್ತೆ ಸಾರ್. ಊಟ ಆದ ಮೇಲೆ ತುಂಬೋದು.”

ಕಾರಣ ಸಿಕ್ಕಿತು. ಹಾಪರ್ ತುಂಬಿರುವಾಗ ಮೇಲಿನ ಪುಡಿಯ ಭಾರ ಕೆಳಗಿನದನ್ನು ಒತ್ತುತ್ತದೆ. ಬರಿದಾಗುತ್ತ ಬಂದಂತೆ ಪುಡಿ ಸಡಿಲವಾಗಿ ಅದೇ ಸುತ್ತಿಗೆ ಕಡಿಮೆ ತೂಕ ಇಳಿಯುತ್ತದೆ. ಸರಾಸರಿ ೨೦೬ರಿಂದ ೨೦೩ಕ್ಕೆ, ಎಂದರೆ ಒಂದೂವರೆ ಸಿಗ್ಮಾ ಜಾರಿದಾಗ ಆ ಹೊತ್ತಿನ ನೂರು ಪೊಟ್ಟಣಗಳಲ್ಲಿ ಆರೇಳು ೨೦೦ಕ್ಕಿಂತ ಕೆಳಗಿಳಿದುವು. ಹಾಪರಿನಲ್ಲಿ ಪುಡಿಯ ಮಟ್ಟ ಸದಾ ಒಂದೇ ಆಗಿರುವಂತೆ ಗಂಟೆಗೊಮ್ಮೆ ತುಂಬುವ ಏರ್ಪಾಡಾಯಿತು. ಜುಲ್ಮಾನೆಯ ಹಣ ಹುಡುಗನಿಗೆ ಹಿಂದಕ್ಕೆ ಬಂತು.

ಚುಕ್ಕೆಗಳೀಗ ಗೆರೆಗಳ ನಡುವೆ ನಿಂತವು. ಆದರೂ ಸಿಗ್ಮಾ ಎರಡೇ. ದಿನಕ್ಕೆ ೬೦ ಕಿಲೋ ಕಂದಾಯವೂ ತಪ್ಪಲಿಲ್ಲ. ಉಳಿದದ್ದು ಯಂತ್ರ, ಪುಡಿ, ಪದ್ಧತಿ ಇವುಗಳಲ್ಲಿಯೇ ಬೆರೆತ ಸಾಮಾನ್ಯ ಹೊಯ್ದಾಟ. ಇದನ್ನು ಹುಡುಗನಾಗಲಿ ಮೇಸ್ತ್ರಿಯಾಗಲಿ ತಗ್ಗಿಸಲಾರರು. ಬೀಸುವ ಯಂತ್ರದ ತಟ್ಟೆ ಸವೆದು ಪುಡಿ ಒಂದೇ ಸಮನಾಗಿಲ್ಲದಿರುವುದು ಒಂದು ಕಾರಣವಿರಬಹುದು. ಚಿಕೋರಿ ತೇವವೆಳೆದುಕೊಂಡು ಗಂಟುಗಟ್ಟಿ, ತಿರುಪಿನಲ್ಲಿ ತಡೆತಡೆದು ಇಳಿಯುವುದು ಇನ್ನೊಂದಿರಬಹುದು. ಚಿಕೋರಿಗೆ ಗಾಳಿಯ ತೇವವನ್ನು ಹೀರುವ ಗುಣ ಬಲವಾಗಿದೆ. ಒಣಗಿದ ಹೊಸ ಚಿಕೋರಿಯನ್ನು ಹಾಕಿ ಒಂದು ದಿನ ನಡೆಸಿ, ಬೇರೊಂದು ದಿನ ಹೊಸ ತಟ್ಟೆ ಹಾಕಿ ನಡೆಸಿ, ಎರಡರ ಸಿಗ್ಮಾಗಳನ್ನು ಅಳೆದಾಗ ಭೇದ ತಿಳಿಯುತ್ತದೆ.

ಇಲ್ಲಿಯೂ ವರ್ಗಗಳ ಲೆಕ್ಕವೇ ದಾರಿ ತೋರಿಸುವುದು. ಒಟ್ಟು ವರ್ಗ ೪ರಲ್ಲಿ ಚಿಕೋರಿಯ ಪಾಲು ೩, ಮಿಕ್ಕೆಲ್ಲದರ ಪಾಲು ೧ ಎನ್ನೋಣ. ಮಿಕ್ಕೆಲ್ಲವನ್ನು ಕಷ್ಟಪಟ್ಟು ಸರಿಪಡಿಸಿದರೂ ಉಳಿಯುವುದು ೩ರ ವರ್ಗಮೂಲ, ಸುಮಾರು ೧.೭, ಶ್ರಮ ಕಣ್ಣಿಗೇ ಕಾಣದು. ಚಿಕೋರಿಯೊಂದನ್ನೇ ಸರಿಪಡಿಸಿದರೆ ಉಳಿಯುವುದು ೧, ಹೊಯ್ದಾಟ ಅರ್ಧಕ್ಕರ್ಧ. ದೊಡ್ಡ ಕಾರಣವನ್ನು ಬಿಟ್ಟು ಸಣ್ಣವನ್ನು ಬೆನ್ನಟ್ಟಿದ ಕಾರ್ಖಾನೆಗಳು ಸೋಲುವುದು ಇದರಿಂದಲೇ.

ಚಿಕೋರಿಯ ಜಾಡು ಹಿಡಿದು ಹೊರಟರೆ ಅದು ಪೊಟ್ಟಣ ಕಟ್ಟುವ ಕೋಣೆಯಲ್ಲಿ ನಿಲ್ಲುವುದಿಲ್ಲ. ಮೂಟೆಗಳು ಮಳೆಗಾಲದಲ್ಲಿ ಉಗ್ರಾಣದ ಬರಿನೆಲದ ಮೇಲಿದ್ದುವು. ಬಾಯಿ ಬಿಚ್ಚಿದ ಮೂಟೆಯನ್ನು ಮತ್ತೆ ಕಟ್ಟುವ ವಾಡಿಕೆಯಿರಲಿಲ್ಲ. ಖರೀದಿಯ ಗುಮಾಸ್ತರು ಕಿಲೋಗೆ ಎಂಟಾಣೆ ಅಗ್ಗವೆಂದು ತೇವದ ಸರಕನ್ನು ಕೊಂಡಿದ್ದರು; ಅವರ ಪುಸ್ತಕದಲ್ಲಿ ಅದು ಉಳಿತಾಯವೆಂದೇ ದಾಖಲಾಗಿತ್ತು. ಉಗ್ರಾಣ, ಖರೀದಿ, ಬೀಸುವಿಕೆ, ಕಟ್ಟುವಿಕೆ ಎಲ್ಲವೂ ಒಂದೇ ಮೇಜಿನ ಸುತ್ತ ಕುಳಿತ ಹೊರತು ಈ ಗಂಟು ಬಿಚ್ಚದು. ‘ಸಮಗ್ರ’ ಎಂಬ ಮಾತಿನ ಅರ್ಥ ಇಷ್ಟೆ: ದೋಷ ಕಂಡ ಕಡೆಯಲ್ಲಿ ಅದರ ಬೇರು ಇರಬೇಕೆಂದಿಲ್ಲ.

ಸಿಗ್ಮಾ ೧ ಗ್ರಾಮಿಗೆ ಇಳಿದಾಗ ೨೦೬ರಿಂದ ೨೦೦ಕ್ಕೆ ಇರುವ ದೂರ ಆರು ಸಿಗ್ಮಾ ಆಯಿತು. ಎಲ್ಲೆಗಳು ಬದಲಾಗಿಲ್ಲ, ಹೊಯ್ದಾಟ ಕುಗ್ಗಿದೆ. ೧೯೮೦ರ ದಶಕದಲ್ಲಿ ಅಮೆರಿಕದ ಮೊಟೊರೋಲ ಕಂಪನಿಯ ಇಂಜಿನಿಯರ್ ಬಿಲ್ ಸ್ಮಿತ್ ಪ್ರತಿಪಾದಿಸಿದ ಗುರಿ ಇದೇ. ಸರಾಸರಿ ಎಂದೆಂದಿಗೂ ಅಲುಗದೆ ನಿಲ್ಲುವುದಿಲ್ಲವೆಂದು ಅವರು ಒಂದೂವರೆ ಸಿಗ್ಮಾ ಜಾರುವಿಕೆಗೆ ಎಡೆಯಿಟ್ಟರು. ಆಗ ಮಿಗುವುದು ನಾಲ್ಕೂವರೆ ಸಿಗ್ಮಾ. ಅದರಾಚೆಗೆ ಬೀಳುವುದು ಹತ್ತು ಲಕ್ಷದಲ್ಲಿ ೩.೪. ಈ ಕಾರ್ಖಾನೆಗೆ ಹತ್ತು ಲಕ್ಷ ಪೊಟ್ಟಣ ನೂರು ದಿನಗಳ ಕೆಲಸ. ಹಿಂದೆ ಯಂತ್ರ ನೆಟ್ಟಗಿದ್ದ ದಿನವೂ ೨೭ ಕೆಡುತ್ತಿದ್ದಲ್ಲಿ ಈಗ ಮೂರು ತಿಂಗಳಿಗೆ ಮೂರೋ ನಾಲ್ಕೋ.

ಒಡೆಯರಿಗೆ ಈಗ ಇನ್ನೊಂದು ದಾರಿಯೂ ತೆರೆಯಿತು. ನಕ್ಷೆಯನ್ನು ಬಿಡದೆ ನೋಡಿಕೊಳ್ಳುವುದಾದರೆ ಗುರಿಯನ್ನು ೨೦೬ರಿಂದ ೨೦೪.೫ಕ್ಕೆ ಇಳಿಸಬಹುದು, ದಿನಕ್ಕೆ ೧೫ ಕಿಲೋ ಪುಡಿ ಉಳಿಯುತ್ತದೆ. ಆದರೆ ಜಾರುವಿಕೆಗೆ ಇಟ್ಟಿದ್ದ ಎಡೆ ಹೋಯಿತು. ಹಾಪರ್ ತುಂಬುವುದನ್ನು ಒಂದು ದಿನ ಮರೆತು ಸರಾಸರಿ ೩ ಗ್ರಾಂ ಜಾರಿದರೆ ನೂರಕ್ಕೆ ಆರೇಳು ಕೆಡುವ ಹಳೆಯ ಕಥೆಯೇ ಮರುಕಳಿಸುತ್ತದೆ. ಉಳಿತಾಯವೋ ನೆಮ್ಮದಿಯೋ ಎಂಬುದನ್ನು ಸಿಗ್ಮಾ ಹೇಳಿಕೊಡುವುದಿಲ್ಲ. ಎರಡರ ಬೆಲೆಯನ್ನು ಮಾತ್ರ ಬರೆದು ತೋರಿಸುತ್ತದೆ.

ಈ ವಿದ್ಯೆಗೆ ಎಲ್ಲೆಗಳೂ ಉಂಟು. ತೂಕಗಳು ಗಂಟೆಯ ಆಕಾರದಲ್ಲಿ ಹರಡದಿದ್ದರೆ, ೩.೪ ಎಂಬ ಸಂಖ್ಯೆ ಬರಿಯ ಅಲಂಕಾರ. ನೂರು ದಿನಕ್ಕೆ ಮೂರು ನಾಲ್ಕು ಎಂಬಷ್ಟು ವಿರಳವಾದ ದೋಷವನ್ನು ಒಂದು ವಾರದ ಪರೀಕ್ಷೆಯಿಂದ ಯಾರೂ ಸಾಬೀತು ಮಾಡಲಾರರು. ಆರು ಸಿಗ್ಮಾ ಸಾಧಿಸಿದೆವೆಂದು ತಿಂಗಳೊಳಗೆ ಡಂಗುರ ಹೊಯ್ಯುವವರ ಲೆಕ್ಕದ ಕಾಗದವನ್ನು ಕೇಳಿ ನೋಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಇದು ಅಳೆದುದನ್ನು ಮಾತ್ರ ಕಾಯುತ್ತದೆ. ಇನ್ನೂರು ಗ್ರಾಂ ಕರಾರುವಾಕ್ಕಾಗಿ ತುಂಬಿದ ಪೊಟ್ಟಣದೊಳಗೆ ಹೆಚ್ಚು ಹುರಿದು ಸೀದ ಬೀಜದ ಪುಡಿಯಿದ್ದರೂ ನಕ್ಷೆಯ ಚುಕ್ಕೆ ಗೆರೆ ದಾಟುವುದಿಲ್ಲ. ಅದಕ್ಕೆ ಬೇರೆ ಅಳತೆ, ಬೇರೆ ನಕ್ಷೆ ಬೇಕು. ಅದು ಇಲ್ಲದ ಕಾರ್ಖಾನೆಯ ದೋಷ ಮೊದಲು ಪತ್ತೆಯಾಗುವುದು ಬೆಳಗಿನ ಆರು ಗಂಟೆಗೆ, ಯಾರದೋ ಅಡಿಗೆಮನೆಯ ಫಿಲ್ಟರಿನ ಕೆಳಗೆ.