ಸಣ್ಣ ಉದ್ದಿಮೆಯ ಹೆಸರು ಮತ್ತು ಅಂತರ್ಜಾಲ ಮಾರುಕಟ್ಟೆಯ ನಕಲುಗಳು

ಅಂಗಡಿಯ ಜಾಗಕ್ಕೆ ಖಾತೆ, ಕಂದಾಯದ ರಸೀದಿ, ನೋಂದಾಯಿತ ಕ್ರಯಪತ್ರ ಎಲ್ಲವನ್ನೂ ಜೋಪಾನವಾಗಿ ಇಟ್ಟುಕೊಳ್ಳುವ ನಮ್ಮ ಸಣ್ಣ ಉದ್ದಿಮೆದಾರರು, ಸರಕಿನ ಹೆಸರಿಗೆ ಯಾವ ಕಾಗದ ಇಟ್ಟಿದ್ದೀರಿ ಎಂದು ಕೇಳಿದರೆ ನಿರುತ್ತರರಾಗುತ್ತಾರೆ. "ಇಪ್ಪತ್ತು ವರ್ಷದಿಂದ ನಡೆಸುತ್ತಿದ್ದೇವೆ, ಊರಿಗೆಲ್ಲ ಗೊತ್ತು" ಎಂಬುದೇ ಅವರ ಉತ್ತರ. ಊರಿನ ಮಟ್ಟಿಗೆ ಇದು ಸಾಕಾಗುತ್ತಿತ್ತು. ವ್ಯಾಪಾರವು ಅಮೆಜಾನ್, ಫ್ಲಿಪ್‌ಕಾರ್ಟ್ ಮುಂತಾದ ಅಂತರ್ಜಾಲ ತಾಣಗಳಿಗೆ ಏರಿದ ಮೇಲೆ ಸಾಕಾಗುತ್ತಿಲ್ಲ. ಅಲ್ಲಿ ನಕಲು ಕಾಣಿಸಿಕೊಂಡು ದೂರು ನೀಡಹೊರಟಾಗ ಮೊದಲು ಕೇಳುವುದು ನೋಂದಣಿಯ ಸಂಖ್ಯೆಯನ್ನು.

ಇಲ್ಲಿ ಒಂದು ವಿಪರ್ಯಾಸವಿದೆ. 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮವು ನೋಂದಣಿಗಿಂತ ಮೊದಲ ಬಳಕೆಯನ್ನು ಹೆಚ್ಚು ಗೌರವಿಸುತ್ತದೆ. ಒಬ್ಬನು ಒಂದು ಹೆಸರನ್ನು ಮೊದಲೇ ನಿರಂತರವಾಗಿ ಬಳಸುತ್ತಿದ್ದರೆ, ಅನಂತರ ಬಂದು ನೋಂದಾಯಿಸಿಕೊಂಡವನು ಅವನನ್ನು ತಡೆಯಲಾಗದೆಂದು 34ನೆಯ ಕಲಮು ಹೇಳುತ್ತದೆ. ನೋಂದಣಿ ಇಲ್ಲದಿದ್ದರೂ, ತನ್ನ ಸರಕನ್ನು ಇನ್ನೊಬ್ಬನದೆಂದು ದಾಟಿಸುವವನ ವಿರುದ್ಧ 'ಪಾಸಿಂಗ್ ಆಫ್' ದಾವೆ ಹೂಡುವ ಹಕ್ಕನ್ನು 27ನೆಯ ಕಲಮು ಉಳಿಸಿದೆ. ತಿರುನೆಲ್ವೇಲಿಯ 'ಇರುಟ್ಟುಕಡೈ ಹಲ್ವಾ' ಹೆಸರಿನ ವಿವಾದದಲ್ಲಿ ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ಈ ತತ್ತ್ವವನ್ನೇ ಎತ್ತಿಹಿಡಿಯಿತು. ಆದರೆ ತಾಣದ ದೂರಿನ ನಮೂನೆಗೆ ಇಪ್ಪತ್ತು ವರ್ಷದ ಬಳಕೆ ಅರ್ಥವಾಗುವುದಿಲ್ಲ. ಅದಕ್ಕೆ ಅರ್ಥವಾಗುವುದು ಸಂಖ್ಯೆ ಮಾತ್ರ. ಹೀಗಾಗಿ ನ್ಯಾಯಾಲಯಕ್ಕಾಗಿ ಬಳಕೆಯ ಪುರಾವೆ, ತಾಣಕ್ಕಾಗಿ ನೋಂದಣಿ ಇವೆರಡೂ ನಮ್ಮ ಸದಸ್ಯರ ಕೈಯಲ್ಲಿರಬೇಕು ಎಂಬುದು ನನ್ನ ಅಭಿಪ್ರಾಯ.

ಮಾತು ಹಾರಿಕೆಯದಾಗದಿರಲು ಒಂದು ಕಲ್ಪಿತ ಉದಾಹರಣೆಯನ್ನು ಇಟ್ಟುಕೊಳ್ಳೋಣ. ಧಾರವಾಡದಲ್ಲಿ ದಂಪತಿಗಳಿಬ್ಬರು 2014ರಿಂದ ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ ಮತ್ತು ಉಪ್ಪಿನಕಾಯಿ ತಯಾರಿಸುತ್ತಿದ್ದಾರೆ. 2021ರಿಂದ ಅಂತರ್ಜಾಲದಲ್ಲೂ ಮಾರಾಟವಿದೆ. 2025ರಲ್ಲಿ ಅದೇ ತಾಣದಲ್ಲಿ ಒಂದಕ್ಷರ ಮಾತ್ರ ಬದಲಾದ ಹೆಸರು, ಅದೇ ಬಣ್ಣದ ಪೊಟ್ಟಣ, ಅಷ್ಟೇ ಅಲ್ಲ, ಇವರೇ ತೆಗೆಸಿದ ಫೋಟೋಗಳೊಂದಿಗೆ ಇನ್ನೊಬ್ಬರ ಚಟ್ನಿಪುಡಿ ಮಾರಾಟಕ್ಕೆ ಬಂದಿದೆ.

ಮೊದಲ ಪ್ರಶ್ನೆ, ಇವರ ಹೆಸರು ಕಾಪಾಡಲು ತಕ್ಕದ್ದೇ ಎಂಬುದು. 'ಧಾರವಾಡ ಚಟ್ನಿಪುಡಿ' ಎಂಬುದೇ ಇವರ ಹೆಸರಾಗಿದ್ದರೆ ಕಾನೂನು ಹೆಚ್ಚು ನೆರವಾಗದು. ಸರಕಿನ ಜಾತಿ, ಗುಣ, ಊರು ಇವನ್ನಷ್ಟೇ ಸೂಚಿಸುವ ಪದಗಳಿಗೆ 9ನೆಯ ಕಲಮಿನಡಿ ಆಕ್ಷೇಪಣೆ ಬರುತ್ತದೆ. ಪರಿಚಿತ ಹೆಸರಿನ ವ್ಯಾಪ್ತಿಗೂ ಮಿತಿಯಿದೆ. 1985ರಿಂದ 'ನಂದಿನಿ' ಹೆಸರಿನಲ್ಲಿ ಹಾಲು ಮಾರುತ್ತಿರುವ ನಮ್ಮ ಹಾಲು ಮಹಾಮಂಡಳಿಯು 'ನಂದಿನಿ ಡಿಲಕ್ಸ್' ಉಪಾಹಾರಗೃಹದ ಚಿಹ್ನೆಯನ್ನು ವಿರೋಧಿಸಿತ್ತು. ಆ ಉಪಾಹಾರಗೃಹ ಹೆಸರನ್ನು ಬಳಸತೊಡಗಿದ್ದು 1989ರಲ್ಲಿ. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಉಪಾಹಾರಗೃಹದ ಪರವಾಗಿ ತೀರ್ಪು ನೀಡಿತು. ನಂದಿನಿ ಎಂಬುದು ಪುರಾಣಪ್ರಸಿದ್ಧ ನಾಮಪದ. ಒಂದು ವರ್ಗದ ಕೆಲವು ಸರಕುಗಳಲ್ಲಿ ಮಾತ್ರ ವ್ಯವಹರಿಸುವವನು ಇಡೀ ವರ್ಗದ ಮೇಲೆ ಏಕಸ್ವಾಮ್ಯ ಕೇಳಲಾಗದು ಎಂಬುದು ಅದರ ತಿರುಳು. ದೇವರ ಹೆಸರನ್ನಿಡುವ ನಮ್ಮ ಸಂಪ್ರದಾಯವನ್ನು ನಾನು ಆಕ್ಷೇಪಿಸುತ್ತಿಲ್ಲ. ಅದು ಕಾನೂನಿನ ಕಣ್ಣಿಗೆ ತೆಳುವಾದ ಬೇಲಿ ಎಂಬುದನ್ನು ಅರಿತು ಇಡಬೇಕಷ್ಟೆ.

ಇನ್ನು ಅರ್ಜಿ. ನಮ್ಮ ರಾಜ್ಯವು ಚೆನ್ನೈನ ನೋಂದಣಿ ಕಚೇರಿಯ ವ್ಯಾಪ್ತಿಗೆ ಸೇರಿದ್ದು, TM-A ನಮೂನೆಯನ್ನು ಅಂತರ್ಜಾಲದಲ್ಲೇ ಸಲ್ಲಿಸಬಹುದು. ಚಟ್ನಿಪುಡಿ ಮತ್ತು ಮಸಾಲೆಗಳು 30ನೆಯ ವರ್ಗಕ್ಕೂ ಉಪ್ಪಿನಕಾಯಿ 29ನೆಯ ವರ್ಗಕ್ಕೂ ಸೇರುವುದರಿಂದ ಈ ದಂಪತಿಗಳು ಎರಡೂ ವರ್ಗಗಳಲ್ಲಿ ಅರ್ಜಿ ಹಾಕಬೇಕು. 2017ರ ನಿಯಮಗಳ ಪ್ರಕಾರ ವ್ಯಕ್ತಿಗೆ ಅಥವಾ ಸಣ್ಣ ಉದ್ದಿಮೆಗೆ ಶುಲ್ಕ ವರ್ಗವೊಂದಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿ ಸಲ್ಲಿಸುವವರು ಉದ್ಯಮ್ ಪ್ರಮಾಣಪತ್ರವನ್ನು ಜೊತೆಗಿಡದಿದ್ದರೆ ಸುಮ್ಮನೆ ಇಮ್ಮಡಿ ತೆರಬೇಕಾಗುತ್ತದೆ.

ಈ ಹಂತದಲ್ಲಿ ಒಂದು ಸಣ್ಣ ಅಂಕಣವನ್ನು ಬಹಳಷ್ಟು ಮಂದಿ ಅಲಕ್ಷಿಸುತ್ತಾರೆ. ಚಿಹ್ನೆಯನ್ನು ಯಾವ ದಿನಾಂಕದಿಂದ ಬಳಸುತ್ತಿದ್ದೀರಿ ಎಂದು ನಮೂನೆಯಲ್ಲಿ ಕೇಳಲಾಗುತ್ತದೆ. ಹಿಂದಿನ ದಿನಾಂಕವನ್ನು ಹೇಳಿದರೆ ಅದಕ್ಕೆ ಪ್ರಮಾಣಿತ ಹೇಳಿಕೆಯನ್ನೂ ದಾಖಲೆಗಳನ್ನೂ ಒದಗಿಸಬೇಕು. ಆ ತೊಂದರೆ ಬೇಡವೆಂದು ಕೆಲವರು 'ಮುಂದೆ ಬಳಸಲಿದ್ದೇವೆ' ಎಂಬುದನ್ನು ಗುರುತು ಮಾಡಿ ಮುಗಿಸಿಬಿಡುತ್ತಾರೆ. 2014ರಿಂದ ದುಡಿದು ಗಳಿಸಿದ ಹಿರಿತನವನ್ನು ತಾವೇ ಅಲ್ಲಗಳೆದಂತೆ ಇದು. ನಾಳೆ ಎದುರಾಳಿಯು 2019ರ ಬಳಕೆಯನ್ನು ತೋರಿಸಿದರೆ, ನಮ್ಮದೇ ಅರ್ಜಿಯನ್ನು ನಮ್ಮ ವಿರುದ್ಧ ಹಿಡಿಯುತ್ತಾನೆ.

ದಾಖಲೆಗಳ ಪ್ರಶ್ನೆ ಬಂದಾಗ ವಿಷಯ ಲೆಕ್ಕಪರಿಶೋಧಕನ ಮೇಜಿಗೆ ಬರುತ್ತದೆ. ಬಿಲ್ಲಿನಲ್ಲಿ 'ಚಟ್ನಿಪುಡಿ, 200 ಗ್ರಾಂ, 50 ಪೊಟ್ಟಣ' ಎಂದಷ್ಟೇ ಬರೆದಿರುತ್ತದೆ. ತೆರಿಗೆಗೆ ಅದು ಸರಿಯಾದ ಬಿಲ್ಲೇ. ಆದರೆ ಯಾವ ಹೆಸರಿನ ಚಟ್ನಿಪುಡಿ ಎಂಬುದು ಅದರಲ್ಲಿಲ್ಲವಾದ್ದರಿಂದ ಚಿಹ್ನೆಯ ಬಳಕೆಗೆ ಅದು ಪುರಾವೆಯಾಗುವುದಿಲ್ಲ. ವಿವರಣೆಯ ಅಂಕಣದಲ್ಲಿ ಬ್ರ್ಯಾಂಡಿನ ಹೆಸರನ್ನು ಸೇರಿಸಲು ಒಂದು ಪೈಸೆಯೂ ಖರ್ಚಿಲ್ಲ. ಇಂದೇ ಗುಮಾಸ್ತರಿಗೆ ಹೇಳಬಹುದು. ಇನ್ನೊಂದು ಸಂಗತಿಯೂ ಇದೆ. ಜಿ.ಎಸ್.ಟಿ. ಕಾನೂನಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣೆಯ ಕಡೆಯ ದಿನಾಂಕದಿಂದ 72 ತಿಂಗಳು ಇಟ್ಟರೆ ಸಾಮಾನ್ಯವಾಗಿ ಸಾಕು. ಅವಧಿ ಮುಗಿದೊಡನೆ ಹಳೆಯ ಕಟ್ಟುಗಳು ರದ್ದಿಗೆ ಹೋಗುತ್ತವೆ. ಚಿಹ್ನೆಯ ಮಟ್ಟಿಗೆ ಲೆಕ್ಕ ತಿರುವುಮುರುವು, ಎಲ್ಲಕ್ಕಿಂತ ಹಳೆಯ ಬಿಲ್ಲೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಆದ್ದರಿಂದ ಪ್ರತಿ ವರ್ಷದ ನಾಲ್ಕಾರು ಬಿಲ್ಲು, ಪೊಟ್ಟಣ ಮುದ್ರಿಸಿದ ಪ್ರೆಸ್ಸಿನ ಬಿಲ್ಲು, ಲೇಬಲ್ಲಿನ ಮಾದರಿ, ಜಾಹೀರಾತಿನ ಪ್ರತಿ ಮತ್ತು ಜಾಹೀರಾತು ಖರ್ಚಿನ ಖಾತೆಯ ಹಾಳೆ, ಇವನ್ನು ಬೇರೆಯೇ ಕಡತದಲ್ಲಿ ಶಾಶ್ವತವಾಗಿ ಇಡಬೇಕು. 2017ರ ಜುಲೈಗೆ ಹಿಂದಿನ ವ್ಯಾಟ್ ಕಾಲದ ಕಾಗದಗಳು ಇನ್ನೂ ಉಳಿದಿದ್ದರೆ ಅವು ಬಂಗಾರವೇ ಸರಿ.

ಅರ್ಜಿ ಹಾಕಿದವರು ಎಡವುವ ಸ್ಥಳ ಪರೀಕ್ಷಾ ವರದಿ. ಅದು ಮಿಂಚಂಚೆಯಲ್ಲಿ ಬರುತ್ತದೆ. ತಲುಪಿದ ಒಂದು ತಿಂಗಳೊಳಗೆ ಉತ್ತರ ಹೋಗಬೇಕು, ಇಲ್ಲವಾದರೆ ಅರ್ಜಿಯನ್ನು ಕೈಬಿಟ್ಟಂತೆ ಎಣಿಸಬಹುದು. ಅದು ದಾಟಿದರೆ ಜರ್ನಲ್‌ನಲ್ಲಿ ಪ್ರಕಟಣೆ, ಅನಂತರ ಆಕ್ಷೇಪಣೆಗಾಗಿ ನಾಲ್ಕು ತಿಂಗಳ ಕಾಲಾವಕಾಶ. ನೋಂದಣಿಯಾದಾಗ ಅದು ಅರ್ಜಿಯ ದಿನಾಂಕದಿಂದಲೇ ಜಾರಿಗೆ ಬಂದಂತೆ. ಹತ್ತು ವರ್ಷಕ್ಕೊಮ್ಮೆ ನವೀಕರಣ. ಅಲ್ಲಿಯವರೆಗೆ ಹೆಸರಿನ ಪಕ್ಕದಲ್ಲಿ TM ಎಂದು ಹಾಕಬಹುದೇ ಹೊರತು ® ಹಾಕಕೂಡದು, ಅದು ದಂಡಾರ್ಹ.

ಈಗ ದೂರಿನ ವಿಷಯಕ್ಕೆ ಬರೋಣ. ದೂರು ತಿರಸ್ಕೃತವಾಗಲು ಸಾಮಾನ್ಯ ಕಾರಣವೆಂದರೆ ಮೂರು ಬೇರೆ ಬೇರೆ ಸಂಗತಿಗಳನ್ನು 'ನಕಲಿ' ಎಂಬ ಒಂದೇ ಪದದಲ್ಲಿ ಹೇಳಿಬಿಡುವುದು. ನಮ್ಮದೇ ಲಿಸ್ಟಿಂಗ್‌ಗೆ ಅಂಟಿಕೊಂಡು ಬೇರೆಯವನು ತನ್ನ ಸರಕು ಕಳುಹಿಸುತ್ತಿದ್ದರೆ ಅದು ಒಂದು ಬಗೆ. ಪ್ರತ್ಯೇಕ ಲಿಸ್ಟಿಂಗ್‌ನಲ್ಲಿ ನಮ್ಮ ಹೆಸರನ್ನು ಹೋಲುವ ಹೆಸರಿಟ್ಟು ಮಾರುತ್ತಿದ್ದರೆ ಇನ್ನೊಂದು. ನಮ್ಮ ಉದಾಹರಣೆ ಇದಕ್ಕೆ ಸೇರಿದ್ದು. ಮೂರನೆಯದು, ನಮ್ಮ ಅಸಲಿ ಸರಕನ್ನೇ ಎಲ್ಲಿಂದಲೋ ಕೊಂಡು ಮರುಮಾರಾಟ ಮಾಡುವುದು. ಬೆಲೆ ಮುರಿದು ಮಾರಿದರೂ, ಸರಕಿನ ಸ್ಥಿತಿ ಕೆಡದಿದ್ದರೆ, 30ನೆಯ ಕಲಮಿನಂತೆ ಇದು ಸಾಮಾನ್ಯವಾಗಿ ಅತಿಕ್ರಮಣವಲ್ಲ. ದೂರುವ ಮೊದಲು ನಮ್ಮದೇ ಮಾರಾಟದ ಖಾತೆಯಲ್ಲಿ ಆ ಹೆಸರಿದೆಯೇ ಎಂದು ನೋಡಿಕೊಳ್ಳಬೇಕು. ಆಧಾರವಿಲ್ಲದ ಬೆದರಿಕೆಗೆ ಗುರಿಯಾದವನು ನಮ್ಮ ಮೇಲೆಯೇ ದಾವೆ ಹೂಡಲು 142ನೆಯ ಕಲಮು ಅವಕಾಶ ನೀಡುತ್ತದೆ.

ಯಾವ ಬಗೆಯೆಂದು ತಿಳಿಯಲು ಒಂದು ಪೊಟ್ಟಣವನ್ನು ತರಿಸಿ ನೋಡುವುದೇ ದಾರಿ. ಮೊದಲು ಲಿಸ್ಟಿಂಗ್‌ನ ಪೂರ್ಣ ಪುಟವನ್ನು ದಿನಾಂಕ ಕಾಣುವಂತೆ ಉಳಿಸಿಕೊಳ್ಳಿ. ಅಮೆಜಾನ್‌ನಲ್ಲಾದರೆ ಹತ್ತು ಅಂಕಾಕ್ಷರಗಳ ASIN ಬರೆದಿಟ್ಟುಕೊಳ್ಳಿ. ಸರಕು ಬಂದಾಗ ಎರಡೂ ಪೊಟ್ಟಣಗಳನ್ನು ಅಕ್ಕಪಕ್ಕ ಇಟ್ಟು ಚಿತ್ರ ತೆಗೆಯಿರಿ. ಜೊತೆಗೆ ಬರುವ ಬಿಲ್ಲಿನಲ್ಲಿ ಮಾರಾಟಗಾರನ ಜಿ.ಎಸ್.ಟಿ. ಸಂಖ್ಯೆ ಇರುತ್ತದೆ, ಇಲಾಖೆಯ ತಾಣದಲ್ಲಿ ಅದನ್ನು ಹುಡುಕಿದರೆ ಅವನ ಕಾನೂನುಬದ್ಧ ಹೆಸರು ದೊರೆಯುತ್ತದೆ. ಪೊಟ್ಟಣದ ಮೇಲಿನ 14 ಅಂಕಿಯ ಆಹಾರ ಪರವಾನಗಿ ಸಂಖ್ಯೆಯನ್ನೂ ನೋಡಿ. ಅವನು ನಿಮ್ಮ ಸಂಖ್ಯೆಯನ್ನೇ ಅಚ್ಚು ಹಾಕಿಸಿದ್ದರೆ ವಿಷಯ ಚಿಹ್ನೆಯನ್ನು ಮೀರಿ ಆಹಾರ ಸುರಕ್ಷತಾ ಅಧಿಕಾರಿಗಳ ವ್ಯಾಪ್ತಿಗೆ ಬರುತ್ತದೆ.

ಅನಂತರ Report Infringement ನಮೂನೆಯಲ್ಲಿ ನಾಲ್ಕು ವಾಕ್ಯ ಸಾಕು: ನೋಂದಣಿ ಸಂಖ್ಯೆ ಮತ್ತು ವರ್ಗ, ಲಿಸ್ಟಿಂಗ್‌ನ ಸಂಖ್ಯೆ, ಪುಟದಲ್ಲಿ ಅಥವಾ ಪೊಟ್ಟಣದಲ್ಲಿ ಹೆಸರು ಎಲ್ಲಿ ಬಳಕೆಯಾಗಿದೆ ಎಂಬುದು, ತರಿಸಿ ನೋಡಿದ ಆರ್ಡರ್ ಸಂಖ್ಯೆ. ನಷ್ಟದ ಗೋಳನ್ನು ಅಲ್ಲಿ ತೋಡಿಕೊಂಡರೆ ಪ್ರಯೋಜನವಿಲ್ಲ. ನಮ್ಮ ದಂಪತಿಗಳ ನೋಂದಣಿ ಇನ್ನೂ ಬಾಕಿಯಿದ್ದರೂ ಒಂದು ದಾರಿ ತೆರೆದಿದೆ. ಫೋಟೋಗಳು ಅವರವು, ಕೃತಿಸ್ವಾಮ್ಯಕ್ಕೆ ನೋಂದಣಿ ಕಡ್ಡಾಯವಲ್ಲ. ಛಾಯಾಗ್ರಾಹಕನ ಬಿಲ್ಲು ಅಥವಾ ಒಪ್ಪಂದಪತ್ರ ಮತ್ತು ಮೂಲ ಚಿತ್ರದ ಕಡತದೊಂದಿಗೆ ಕೃತಿಸ್ವಾಮ್ಯದ ಶೀರ್ಷಿಕೆಯಡಿ ದೂರು ನೀಡಬಹುದು. ಇದರಿಂದ ಹೆಸರಿನ ಪ್ರಶ್ನೆ ಬಗೆಹರಿಯದು, ಆದರೆ ಗಿರಾಕಿಯನ್ನು ಮರುಳುಮಾಡುತ್ತಿದ್ದ ಚಿತ್ರಗಳನ್ನು ತೆಗೆಸಬಹುದು.

ಅಮೆಜಾನ್‌ನ Brand Registry ಸೇರಬಯಸುವವರು ಒಂದು ವಿಷಯ ಗಮನಿಸಬೇಕು. ದೃಢೀಕರಣದ ಸಂಕೇತವು ನೋಂದಣಿ ಕಚೇರಿಯ ದಾಖಲೆಯಲ್ಲಿರುವ ಸಂಪರ್ಕ ವಿಳಾಸಕ್ಕೆ, ಎಂದರೆ ಬಹುಪಾಲು ನಿಮ್ಮ ಏಜೆಂಟರ ಮಿಂಚಂಚೆಗೆ, ಹೋಗುತ್ತದೆ. ಅವರೊಡನೆ ಸಂಪರ್ಕ ಕಡಿದುಹೋಗಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು.

ತಾಣವು ಒಪ್ಪದಿದ್ದರೆ ಉಳಿಯುವುದು ನ್ಯಾಯಾಲಯ. ನೋಂದಾಯಿತ ಚಿಹ್ನೆಯ ಮಾಲೀಕನು ತಾನು ವ್ಯವಹಾರ ನಡೆಸುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ಅತಿಕ್ರಮಣದ ದಾವೆ ಹೂಡಬಹುದೆಂದು 134ನೆಯ ಕಲಮು ಹೇಳುತ್ತದೆ. ಬರಿಯ ಪಾಸಿಂಗ್ ಆಫ್ ದಾವೆಗೆ ಈ ಸೌಲಭ್ಯವಿಲ್ಲ. ಧಾರವಾಡದವರಿಗೆ ಎದುರಾಳಿಯ ಊರಿಗೆ ಅಲೆದಾಡುವುದು ತಪ್ಪಿದರೆ ಅದೇ ನೋಂದಣಿಯ ಶುಲ್ಕಕ್ಕೆ ಸಂದ ಪ್ರತಿಫಲ.

ತಾಣಗಳೂ ತಮ್ಮ ಪಾಲಿನ ಹೊಣೆ ಹೊರಬೇಕು. 2022ರಲ್ಲಿ 'ವಿ ಟ್ರೆಡಿಷನ್' ಎಂಬ ಉಡುಪಿನ ಬ್ರ್ಯಾಂಡಿನವರು ದೆಹಲಿ ಉಚ್ಚ ನ್ಯಾಯಾಲಯಕ್ಕೆ ಹೋದಾಗ, ಒಬ್ಬರ ಲಿಸ್ಟಿಂಗ್‌ಗೆ ಇತರರು ಅಂಟಿಕೊಳ್ಳಲು ಫ್ಲಿಪ್‌ಕಾರ್ಟ್ ಕಲ್ಪಿಸಿದ್ದ ಸೌಲಭ್ಯವನ್ನು ಮಾಲೀಕರ ಒಪ್ಪಿಗೆಯಿಲ್ಲದೆ ಬಳಸಲಾಗದೆಂದು ನ್ಯಾಯಾಲಯ ಹೇಳಿತು. ಚಿಹ್ನೆ ಅಥವಾ ಕೃತಿಸ್ವಾಮ್ಯದ ಕಾರಣಕ್ಕೆ ತೆಗೆದುಹಾಕಿದ ಸರಕನ್ನು ಪದೇ ಪದೇ ಮಾರಾಟಕ್ಕೆ ತರುವವರ ದಾಖಲೆ ಇಡಲು ತಾಣಗಳು ಪ್ರಯತ್ನಿಸಬೇಕೆಂದು 2020ರ ಗ್ರಾಹಕ ರಕ್ಷಣಾ ಇ-ವಾಣಿಜ್ಯ ನಿಯಮಗಳ 5ನೆಯ ನಿಯಮವೂ ವಿಧಿಸುತ್ತದೆ. ಈ ದಾಖಲೆಯಿಂದ ದೂರುದಾರನಿಗೇನು ಲಾಭ? ಅದೇ ವ್ಯಕ್ತಿ ಹೊಸ ಖಾತೆ ತೆರೆದು ಬಂದರೆ ಸಣ್ಣವನು ಮತ್ತೆ ಮೊದಲಿನಿಂದ ದೂರಬೇಕಾಗುತ್ತದೆ. ಬಾಕಿ ಅರ್ಜಿಯ ಸಂಖ್ಯೆಯೊಂದಿಗೆ ವರ್ಷವಾರು ಬಿಲ್ಲುಗಳನ್ನೂ ಪ್ರಮಾಣಿತ ಹೇಳಿಕೆಯನ್ನೂ ಒದಗಿಸಿದವರ ದೂರನ್ನು ತಾಣಗಳು ಪರಿಗಣಿಸಬೇಕು ಮತ್ತು ಹಿಂದೆ ತೆಗೆಸಿದ ಲಿಸ್ಟಿಂಗ್‌ನ ಉಲ್ಲೇಖ ಕೊಟ್ಟರೆ ಎರಡನೆಯ ದೂರಿಗೆ ಅದನ್ನೇ ಆಧಾರವಾಗಿ ಸ್ವೀಕರಿಸಬೇಕು. ನಮ್ಮ ಸಂಸ್ಥೆಯು ಈ ಎರಡು ಬೇಡಿಕೆಗಳನ್ನು ಕೇಂದ್ರ ವಾಣಿಜ್ಯ ಮತ್ತು ಗ್ರಾಹಕ ವ್ಯವಹಾರಗಳ ಸಚಿವಾಲಯಗಳ ಮುಂದಿಡುವುದು ಉಚಿತ. ಮನವಿಗೆ ಬಲ ಬರಬೇಕಾದರೆ, ದೂರು ತಿರಸ್ಕೃತವಾದ ಸದಸ್ಯರು ತಿರಸ್ಕಾರದ ಪತ್ರದ ಪ್ರತಿಯನ್ನು ಸಂಸ್ಥೆಯ ಕಚೇರಿಗೆ ತಲುಪಿಸಬೇಕಾಗುತ್ತದೆ.