ಸಹಿ ಕೇಳುವ ಮೊದಲು ಪಾಲು ಹೇಳಿರಿ

ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ನಮ್ಮ ಕನ್ನಡ ಮನೆತನಗಳಲ್ಲಿ ತಂದೆ ತೀರಿಕೊಂಡು ದಿನಕರ್ಮಗಳು ಮುಗಿಯುವಷ್ಟರಲ್ಲಿ ಒಂದು ಕಾಗದ ಸಿದ್ಧವಾಗಿರುತ್ತದೆ. ಅದರ ಹೆಸರು ಹಕ್ಕಸೋಡ ಪತ್ರ, ಅಂದರೆ ಹಕ್ಕನ್ನು ಬಿಟ್ಟುಕೊಡುವ ಪತ್ರ. ಇಂಡಿಗೋ ಅಫಜಲಪುರಕ್ಕೋ ಮದುವೆಯಾಗಿ ಹೋದ ಮಗಳು ಇನ್ನೂ ಕಣ್ಣೀರು ಒರೆಸಿಕೊಳ್ಳುತ್ತಿರುವಾಗಲೇ ಆಕೆಯನ್ನು ನೋಂದಣಿ ಕಚೇರಿಗೆ ಕರೆದೊಯ್ಯುತ್ತಾರೆ. "ಅಕ್ಕಾ, ಇದು ಬರೇ ವಾರಸಾ ಹಚ್ಚೂ ಕಾಗದ, ಇಲ್ಲೊಂದು ಸಹಿ ಮಾಡವಾ" ಎನ್ನುತ್ತಾರೆ. ಕಾಗದ ಮರಾಠಿಯಲ್ಲಿರುತ್ತದೆ, ಆಕೆ ಓದಿದ್ದು ಕನ್ನಡ ಶಾಲೆಯಲ್ಲಿ. ಪತ್ರದ ಕೊನೆಗೆ, ತಾನು ಇದನ್ನು ಓದಿ ತಿಳಿದು ಸಂತೋಷದಿಂದ ಸಹಿ ಮಾಡಿದ್ದೇನೆ ಎಂಬ ಸಾಲೂ ಆಕೆಯ ಹೆಸರಿನಲ್ಲಿಯೇ ಇರುತ್ತದೆ. ಮುಂದೆಂದಾದರೂ ಆಕೆ ನ್ಯಾಯಾಲಯಕ್ಕೆ ಹೋದರೆ, ಮೊಟ್ಟಮೊದಲು ಆಕೆಯ ಎದುರಿಗೆ ಹಿಡಿಯುವುದು ಆ ಸಾಲನ್ನೇ.

ಇದನ್ನು ಪ್ರೀತಿಯೆಂದು ಕರೆಯುವುದನ್ನು ನಾವು ಒಪ್ಪಲಾರೆವು. ಮೂರು ದಶಕಗಳ ಕಾಲ ಶಾಲೆಯಲ್ಲಿ ಭಾಗಾಕಾರ ಕಲಿಸಿದ ನಮಗೆ, ಊರಿನ ಹಿರಿಯರೆಂಬ ಕಾರಣದಿಂದ ಇಂಥ ಕಾಗದಗಳನ್ನು ಓದಿ ಹೇಳುವ ಪ್ರಸಂಗವೂ ಬರುತ್ತಲೇ ಇರುತ್ತದೆ. ನಾವು ಕೇಳುವ ಪ್ರಶ್ನೆ ಒಂದೇ: ಬಿಟ್ಟುಕೊಡುತ್ತಿರುವುದು ಎಷ್ಟು ಎಂದು ಸಹಿ ಮಾಡುವವಳಿಗೆ ಯಾರಾದರೂ ಹೇಳಿದ್ದಾರೆಯೇ?

ಎಷ್ಟು ಎಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ನೆರೆಯ ಸಾಂಗಲಿಯ ನ್ಯಾಯಾಲಯದಲ್ಲಿ ಆರಂಭವಾದ ಒಂದು ದಾವೆಯನ್ನೇ ನೋಡೋಣ. ಖಂಡಪ್ಪ ಮಗದುಮ್ ಎಂಬವರು 1960ರಲ್ಲಿ ತೀರಿಕೊಂಡರು. ಪತ್ನಿ ಹೀರಾಬಾಯಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು ಉಳಿದರು. ತಾಯಿಯೇ ಪಾಲು ಕೇಳಿ ದಾವೆ ಹೂಡಿದರು. 1978ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಅಂದಿನ ಕಾನೂನಿನ ಲೆಕ್ಕ ಹೀಗಿತ್ತು. ತಂದೆ ಸಾಯುವ ಕ್ಷಣದಲ್ಲಿ ಆಸ್ತಿ ಪಾಲಾಯಿತೆಂದು ಮೊದಲು ಭಾವಿಸಬೇಕು. ಆಗ ತಂದೆ, ತಾಯಿ, ಇಬ್ಬರು ಗಂಡುಮಕ್ಕಳು, ಹೀಗೆ ನಾಲ್ಕು ಪಾಲು. ಬಳಿಕ ತಂದೆಯ ನಾಲ್ಕನೆಯ ಒಂದು ಪಾಲನ್ನು ಮಾತ್ರ ತಾಯಿ ಮತ್ತು ಐವರು ಮಕ್ಕಳಲ್ಲಿ ಆರು ಭಾಗ ಮಾಡಬೇಕು.

ಆ ಕುಟುಂಬಕ್ಕೆ 24 ಎಕರೆ ಪಿತ್ರಾರ್ಜಿತ ಹೊಲವಿತ್ತೆಂದು ಲೆಕ್ಕಕ್ಕಾಗಿ ಹಿಡಿಯೋಣ. ಮೊದಲ ಹಂಚಿಕೆಯಲ್ಲಿ ತಂದೆ, ತಾಯಿ, ಇಬ್ಬರು ಗಂಡುಮಕ್ಕಳಿಗೆ ತಲಾ 6 ಎಕರೆ. ತಂದೆಯ 6 ಎಕರೆಯನ್ನು ಆರು ಜನರಿಗೆ ಹಂಚಿದರೆ ತಲಾ 1 ಎಕರೆ. ಒಟ್ಟಿನಲ್ಲಿ ಗಂಡುಮಗನಿಗೆ 7 ಎಕರೆ, ತಾಯಿಗೆ 7 ಎಕರೆ, ಹೆಣ್ಣುಮಗಳಿಗೆ 1 ಎಕರೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ನಡುವೆ ಏಳಕ್ಕೆ ಒಂದು. "ಹೆಣ್ಣುಮಕ್ಕಳ ಪಾಲು ಎಷ್ಟು ಮಹಾ" ಎಂದು ಅಣ್ಣತಮ್ಮಂದಿರು ಇಂದಿಗೂ ಹಗುರವಾಗಿ ಹೇಳುವಾಗ ಅವರ ಮನಸ್ಸಿನಲ್ಲಿರುವುದು ಈ ಹಳೆಯ ಒಂದು ಎಕರೆ.

ಆದರೆ ಆ ಲೆಕ್ಕ ಈಗ ಸತ್ತುಹೋಗಿದೆ. 1994ರಲ್ಲಿ ಮಹಾರಾಷ್ಟ್ರವು ಹೆಣ್ಣುಮಕ್ಕಳನ್ನು ಜನ್ಮತಃ ಪಾಲುದಾರರೆಂದು ಒಪ್ಪಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಆ ಭೇದವನ್ನೂ ತೆಗೆದುಹಾಕಿತು. ಮದುವೆಯಾಗಿರಲಿ, ಆಗದಿರಲಿ, ಮಗಳು ಮಗನಂತೆಯೇ ಹುಟ್ಟಿನಿಂದ ಪಾಲುದಾರಳು. ಮುಂದೆ 2015ರಲ್ಲಿ, ತಿದ್ದುಪಡಿಯ ದಿನ ತಂದೆ ಬದುಕಿದ್ದರೆ ಮಾತ್ರ ಈ ಹಕ್ಕು ಎಂಬ ತೀರ್ಪು ಬಂದು ಗೊಂದಲವಾಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಹಕ್ಕು ಬರುವುದು ಹುಟ್ಟಿನಿಂದ. ಆದ್ದರಿಂದ ಆ ದಿನ ತಂದೆ ಬದುಕಿರಬೇಕೆಂಬ ನಿಯಮವಿಲ್ಲ.

ಅದೇ 24 ಎಕರೆಯನ್ನು, ಅಂಥದೇ ಕುಟುಂಬದ ತಂದೆ ಇಂದು ತೀರಿಕೊಂಡರೆಂದು ಹಿಡಿದು ಮತ್ತೆ ಹಂಚೋಣ. ತಂದೆ, ತಾಯಿ, ಐವರು ಮಕ್ಕಳು ಸೇರಿ ಏಳು ಸಮಪಾಲು. ತಂದೆಯ ಏಳನೆಯ ಪಾಲು ಉಳಿದ ಆರು ಜನರಿಗೆ ಸಮನಾಗಿ ಹೋಗುತ್ತದೆ. ಕೊನೆಗೆ ಆರೂ ಜನರಿಗೆ ತಲಾ 4 ಎಕರೆ. ಹೆಣ್ಣುಮಗಳ ಪಾಲು ಒಂದರಿಂದ ನಾಲ್ಕು ಎಕರೆಗೆ ಏರಿತು. ಹಕ್ಕಸೋಡ ಪತ್ರದಲ್ಲಿ ಒಂದು ಸಹಿಯಿಂದ ಹೋಗುವುದು ಈ ನಾಲ್ಕು ಎಕರೆ. ಅದಕ್ಕೆ ಪ್ರತಿಯಾಗಿ ಸಿಗುವುದು ಪಂಚಮಿಗೊಂದು ಸೀರೆ.

ಇನ್ನು ಅಣ್ಣತಮ್ಮಂದಿರ ವಾದಗಳನ್ನು ನೋಡೋಣ. "ಸಾತಬಾರಾ ಉತಾರೆಯಲ್ಲಿ ಅವಳ ಹೆಸರೇ ಇಲ್ಲ" ಎಂಬುದು ಮೊದಲನೆಯದು. ನಮ್ಮ ಹಳೆಯ ಉತಾರೆಗಳಲ್ಲಿ ಹಿರಿಯ ಮಗನ ಹೆಸರಿನ ಮುಂದೆ ‘ಏ.ಕು.ಮ್ಯಾ.’ ಎಂದು ಬರೆದಿರುತ್ತದೆ. ಅದು ಏಕತ್ರ ಕುಟುಂಬ ಮ್ಯಾನೇಜರ್ ಎಂಬುದರ ಸಂಕ್ಷೇಪ; ಆತ ಕುಟುಂಬದ ಪರವಾಗಿ ನೋಡಿಕೊಳ್ಳುವವನೇ ಹೊರತು ಒಡೆಯನಲ್ಲ. ಎಷ್ಟೋ ಕಡೆ ಅಕ್ಕತಂಗಿಯರ ಹೆಸರನ್ನು ಒಡೆತನದ ಅಂಕಣದಲ್ಲಿ ಬರೆಯದೆ ‘ಇತರ ಹಕ್ಕು’ ಎಂಬ ಅಂಕಣಕ್ಕೆ ತಳ್ಳಿರುವುದೂ ಉಂಟು. ಇವೆಲ್ಲ ಕಂದಾಯದ ದಾಖಲೆಗಳು. ಫೇರಫಾರ ನೋಂದಣಿಯು ಒಡೆತನವನ್ನು ಕೊಡುವುದೂ ಇಲ್ಲ, ಕಸಿಯುವುದೂ ಇಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಮತ್ತೆ ಮತ್ತೆ ಹೇಳಿದೆ. ಉತಾರೆಯಲ್ಲಿ ಹೆಸರಿಲ್ಲದವಳಿಗೆ ಹಕ್ಕು ಉಳಿದಿರುತ್ತದೆ. ನೋಂದಾಯಿತ ಹಕ್ಕಸೋಡ ಪತ್ರಕ್ಕೆ ಸಹಿ ಮಾಡಿದವಳಿಗೆ ಉಳಿಯುವುದಿಲ್ಲ. ಈ ಎರಡರ ಅಂತರ ನಮ್ಮ ಹೆಣ್ಣುಮಕ್ಕಳಿಗೆ ತಿಳಿದಿರಬೇಕು.

"ನಾವು ಹಿಂದೆಯೇ ಬಾಯಿಮಾತಿನಲ್ಲಿ ವಾಟಣಿ ಮಾಡಿಕೊಂಡಿದ್ದೇವೆ" ಎಂಬುದು ಎರಡನೆಯ ವಾದ. 2004ರ ಡಿಸೆಂಬರ್ 20ಕ್ಕೆ ಮೊದಲು ಆದ ಪಾಲನ್ನು ಕಾನೂನು ಕೆದಕುವುದಿಲ್ಲ, ನಿಜ. ಆದರೆ ಆ ಪಾಲು ನೋಂದಾಯಿತ ಪತ್ರದ ಮೂಲಕ ಅಥವಾ ನ್ಯಾಯಾಲಯದ ಡಿಕ್ರಿಯ ಮೂಲಕ ಆಗಿರಬೇಕು. ಬಾಯಿಮಾತಿನ ಪಾಲನ್ನು ತೀರ ಅಪವಾದವಾಗಿ, ಸಾರ್ವಜನಿಕ ದಾಖಲೆಗಳ ದೃಢವಾದ ಆಧಾರವಿದ್ದರೆ ಮಾತ್ರ ಒಪ್ಪಬಹುದೆಂದೂ, ಅದನ್ನು ಸಾಬೀತುಪಡಿಸುವ ಭಾರ ಹಾಗೆ ಹೇಳುವವರ ಮೇಲೆಯೇ ಇದೆಯೆಂದೂ 2020ರ ತೀರ್ಪು ಹೇಳುತ್ತದೆ. ಬಿಳಿ ಕಾಗದದ ಮೇಲೆ ಹಳೆಯ ತಾರೀಖು ಬರೆದು ನಾಲ್ವರ ಹೆಬ್ಬೆಟ್ಟು ಒತ್ತಿಸಿದರೆ ಸಾಲದು.

"ಮದುವೆಗೆ ಖರ್ಚು ಮಾಡಿದ್ದೇವೆ, ಬಂಗಾರ ಹಾಕಿದ್ದೇವೆ" ಎಂಬುದು ಮೂರನೆಯದು. ಗಂಡುಮಕ್ಕಳ ಮದುವೆಯೂ, ಓದೂ ಅದೇ ಹೊಲದ ಆದಾಯದಲ್ಲಿಯೇ ನಡೆದವು. ಅವರ ಪಾಲಿನಿಂದ ಅದನ್ನು ಯಾರೂ ಕಳೆದಿಲ್ಲ. ವರದಕ್ಷಿಣೆಯನ್ನು 1961ರ ಕಾಯಿದೆ ನಿಷೇಧಿಸಿದೆ. ನಿಷೇಧಿತವಾದುದನ್ನು ಕೊಟ್ಟು ಅದನ್ನೇ ಆಸ್ತಿಯ ಪಾಲೆಂದು ಜಮಾ ಹಿಡಿಯುವುದು ಯಾವ ನ್ಯಾಯ? "ಹೊಲ ತುಂಡು ತುಂಡಾಗುತ್ತದೆ" ಎಂಬುದು ನಾಲ್ಕನೆಯದು. ನಾಲ್ವರು ಅಣ್ಣತಮ್ಮಂದಿರು ಹಂಚಿಕೊಳ್ಳುವಾಗ ಕಾಣದ ತುಂಡು ತಂಗಿ ಬಂದಾಗ ಮಾತ್ರ ಕಣ್ಣಿಗೆ ಬೀಳುವುದು ವಿಚಿತ್ರ.

"ಇದು ಪಿತ್ರಾರ್ಜಿತವೇ ಅಲ್ಲ, ಅಪ್ಪನ ಸ್ವಂತ ಆಸ್ತಿ" ಎಂಬ ಐದನೆಯ ವಾದದಲ್ಲಿ ಮಾತ್ರ ಸ್ವಲ್ಪ ಹುರುಳಿದೆ. ತಂದೆ ತನ್ನ ಸ್ವಂತ ಆಸ್ತಿಯನ್ನು ಮೃತ್ಯುಪತ್ರ ಬರೆದು ಯಾರಿಗಾದರೂ ಕೊಡಬಹುದು. ಪಿತ್ರಾರ್ಜಿತದಲ್ಲಿನ ತನ್ನ ಪಾಲನ್ನೂ ಹಾಗೆಯೇ ಕೊಡಬಹುದು, ಮಗಳ ಪಾಲನ್ನಲ್ಲ. ಮೃತ್ಯುಪತ್ರವಿಲ್ಲದಿದ್ದರೆ ಈ ವಾದದಿಂದ ಲಾಭವಿಲ್ಲ. ತಂದೆಯ ಸ್ವಂತ ಆಸ್ತಿಯೂ ಪತ್ನಿ ಮತ್ತು ಮಕ್ಕಳಿಗೆ ಸಮನಾಗಿಯೇ ಹೋಗುತ್ತದೆ. ಆ 24 ಎಕರೆ ತಂದೆಯ ಸ್ವಂತದ್ದಾಗಿದ್ದರೂ ಆರು ಜನರಿಗೆ ತಲಾ 4 ಎಕರೆಯೇ. ನಮ್ಮಲ್ಲಿ ಕೆಲವರು "ನಾವು ಲಿಂಗಾಯತರು, ಇದು ನಮಗಲ್ಲ" ಎನ್ನುವುದುಂಟು. 1956ರ ಉತ್ತರಾಧಿಕಾರ ಕಾಯಿದೆಯ ಎರಡನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂದು ಹೆಸರು ಹಿಡಿದೇ ಬರೆದಿದೆ.

ಹಕ್ಕಿನೊಡನೆ ಹೊಣೆಯೂ ಬರುತ್ತದೆ ಎಂಬುದನ್ನು ಅಕ್ಕತಂಗಿಯರಿಗೂ ಹೇಳಬೇಕು. ಕುಟುಂಬದ ನ್ಯಾಯವಾದ ಸಾಲದಲ್ಲಿ ಅವರಿಗೂ ಪಾಲಿದೆ. ಹೊಲ ಉಳುತ್ತಿರುವ ತಮ್ಮನು ಅದು ಹೊರಗಿನವರ ಕೈಗೆ ಹೋದೀತೆಂದು ಹೆದರಿದರೆ, ಆ ಹೆದರಿಕೆಗೂ ಕಾನೂನಿನಲ್ಲಿ ಪರಿಹಾರವಿದೆ. ಹೀಗೆ ಬಂದ ಪಾಲನ್ನು ಮಾರಬಯಸುವ ವಾರಸುದಾರರು ಮೊದಲು ಉಳಿದ ವಾರಸುದಾರರನ್ನು ಕೇಳಬೇಕೆಂದು ಇಪ್ಪತ್ತೆರಡನೆಯ ಕಲಮು ಹೇಳುತ್ತದೆ. ಇದು ಕೃಷಿಭೂಮಿಗೂ ಅನ್ವಯವೆಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ಆದ್ದರಿಂದ ಹೊಲವೆಲ್ಲ ತನಗೇ ಬೇಕೆನ್ನುವ ತಮ್ಮನು ಹಕ್ಕಸೋಡ ಪತ್ರವನ್ನು ಬಿಟ್ಟು ಖರೀದಿಪತ್ರ ಮಾಡಿಸಿಕೊಳ್ಳಲಿ. ಇಂದಿನ ಬೆಲೆ ಕಟ್ಟಲಿ, ಹಣವನ್ನು ಅಕ್ಕನ ಬ್ಯಾಂಕ್ ಖಾತೆಗೆ ಜಮಾ ಮಾಡಲಿ. ಒಮ್ಮೆಗೆ ಆಗದಿದ್ದರೆ ಕಂತುಗಳನ್ನು ಪತ್ರದಲ್ಲಿಯೇ ಬರೆಯಲಿ. ಎಲ್ಲವನ್ನೂ ತಿಳಿದ ಮೇಲೂ ಅಕ್ಕ ಬಿಟ್ಟುಕೊಟ್ಟರೆ ಅದು ಔದಾರ್ಯ; ತಿಳಿಯದೆ ಬಿಟ್ಟದ್ದು ಔದಾರ್ಯವಲ್ಲ.

ಮಾತುಕತೆಯಿಂದ ಬಗೆಹರಿಯದಿದ್ದರೆ ದಾರಿ ಯಾವುದು? ತಂದೆಯ ಮರಣದ ನಂತರ ವಾರಸಾ ನೋಂದಣಿಗೆ ತಲಾಠಿಯ ಬಳಿ ಅರ್ಜಿ ಹೋಗುವಾಗಲೇ ಎಲ್ಲ ಮಕ್ಕಳ ಹೆಸರೂ ಇದೆಯೇ ಎಂದು ನೋಡಬೇಕು. ಬಿಟ್ಟಿದ್ದರೆ, ಮಂಡಲಾಧಿಕಾರಿ ಫೇರಫಾರವನ್ನು ಮಂಜೂರು ಮಾಡುವ ಮೊದಲು ಲಿಖಿತ ತಕರಾರು ಕೊಟ್ಟು ಪೋಚು ಪಡೆಯಬೇಕು. ಅಲ್ಲಿಯೂ ಆಗದಿದ್ದರೆ ದಿವಾಣಿ ನ್ಯಾಯಾಲಯದಲ್ಲಿ ವಾಟಣಿಯ ದಾವೆ. ಆಸ್ತಿಯ ವ್ಯಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಕೋರ್ಟ್ ಶುಲ್ಕದ ವಿನಾಯಿತಿಯನ್ನು ಮಹಾರಾಷ್ಟ್ರ ಸರ್ಕಾರ 1994ರಲ್ಲಿಯೇ ಕೊಟ್ಟಿದೆ. "ನಿನಗೆ ಪಾಲಿಲ್ಲ" ಎಂದು ಹೊರಗಿಟ್ಟದ್ದು ತಿಳಿದ ದಿನದಿಂದ ಹನ್ನೆರಡು ವರ್ಷಗಳ ಅವಧಿ ಎಣಿಕೆಯಾಗುತ್ತದೆ. ಮೋಸದಿಂದ ಮಾಡಿಸಿಕೊಂಡ ಪತ್ರವನ್ನು ರದ್ದುಪಡಿಸಲು, ಮೋಸ ತಿಳಿದ ಮೇಲೆ ಮೂರೇ ವರ್ಷ. ದಾವೆ ಗೆದ್ದಾಗ ಮೊದಲು ಬರುವುದು ಪ್ರಾಥಮಿಕ ಡಿಕ್ರಿ. ಅದು ಯಾರಿಗೆ ಎಷ್ಟು ಭಾಗವೆಂದು ಹೇಳುತ್ತದೆ, ಯಾವ ಬದುವಿನಿಂದ ಯಾವ ಬದುವಿನವರೆಗೆ ಎಂದು ಹೇಳುವುದಿಲ್ಲ. ಹೊಲವನ್ನು ಅಳೆದು ಒಡೆಯುವ ಕೆಲಸ ಜಿಲ್ಲಾಧಿಕಾರಿಯ ಕಡೆಗೆ ಹೋಗುತ್ತದೆ. ಗೆದ್ದೆವೆಂದು ಇಲ್ಲಿಯೇ ಕೈಕಟ್ಟಿ ಕುಳಿತವರು ಡಿಕ್ರಿಯ ನಕಲನ್ನು ಟ್ರಂಕಿನಲ್ಲಿಟ್ಟುಕೊಂಡು ಮುದುಕಿಯರಾಗುತ್ತಾರೆ.

ಗಡಿನಾಡಿನಲ್ಲಿ ನಾವು ಕನ್ನಡದ ಹಕ್ಕಿಗಾಗಿ ಹೋರಾಡುತ್ತೇವೆ. ನಮ್ಮ ಅರ್ಜಿ, ನಮ್ಮ ಫಲಕ, ನಮ್ಮ ಪಠ್ಯಪುಸ್ತಕ ನಮಗೆ ತಿಳಿಯುವ ಭಾಷೆಯಲ್ಲಿರಲಿ ಎಂದು ಸರ್ಕಾರವನ್ನು ಕೇಳುತ್ತೇವೆ. ಹಾಗೆ ಕೇಳುವವರೇ ಮನೆಯ ಮಗಳ ಮುಂದೆ, ಆಕೆಗೆ ತಿಳಿಯದ ಭಾಷೆಯ ಕಾಗದವನ್ನಿಟ್ಟು ಬೆರಳಿನಿಂದ ಸಹಿಯ ಜಾಗ ತೋರಿಸುವುದು ಸಲ್ಲದು. ನಮ್ಮ ಬೇಡಿಕೆ ಇಷ್ಟೇ. ಸಂಘದ ಯಾವ ಸದಸ್ಯನೂ, ಕನ್ನಡದಲ್ಲಿ ಸಾಲುಸಾಲಾಗಿ ಓದಿ ಹೇಳದ, ಬಿಟ್ಟುಕೊಡುವ ಎಕರೆ-ಗುಂಟೆಗಳ ಲೆಕ್ಕವನ್ನು ಬಿಡಿಸಿ ತಿಳಿಸದ ಹಕ್ಕಸೋಡ ಪತ್ರಕ್ಕೆ ಸಾಕ್ಷಿಯಾಗಿ ಸಹಿ ಹಾಕಬಾರದು. ಸಾಕ್ಷಿಗಳು ಸಿಗದಿದ್ದರೆ ಪತ್ರ ಅಲ್ಲಿಯೇ ನಿಲ್ಲುತ್ತದೆ. ಪಾಲು ಕೇಳಿದ ಮಗಳಿಗೆ ಮುಚ್ಚಿಕೊಳ್ಳುವ ತವರಿನ ಬಾಗಿಲು, ಆಕೆ ಸಹಿ ಮಾಡುವವರೆಗೆ ಮಾತ್ರ ತೆರೆದಿದ್ದ ಬಾಗಿಲು.