‘ಪಾಸಾದ್ರೆ ಸಾಕು’ ಅಂತ ಸೀಟು ಮಾರುವವರಿಗೆ ನಮ್ಮ ಪ್ರಶ್ನೆ

ಮಾರ್ಚ್‌ನಲ್ಲಿ ಪಿಯುಸಿ ಪರೀಕ್ಷೆ ಮುಗಿಯುವುದೇ ತಡ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಹಳ್ಳಿಗಳಿಗೆ ಇಂಜಿನಿಯರಿಂಗ್ ಸೀಟಿನ ಏಜೆಂಟರ ಫೋನು ಶುರುವಾಗುತ್ತದೆ. ‘ರಿಸಲ್ಟ್ ಬರಲಿ ಬಿಡಿ, ಈಗ ಪ್ರಾವಿಶನಲ್ ಅಡ್ಮಿಷನ್ ಮಾಡಿಸ್ಕೊಳ್ಳಿ, ಹುಡುಗ ಪಾಸಾದ್ರೆ ಸಾಕು.’ ಅಟ್ಟದ ಕೊಬ್ಬರಿ ಸರಿಯಾಗಿ ಒಣಗುವ ಮೊದಲೇ ಒಡೆಸಿ, ಬಂದ ಬೆಲೆಗೆ ಮಾರಿ ಅಡ್ವಾನ್ಸ್ ಕಟ್ಟಿದವರು ನಮ್ಮ ನಡುವೆಯೇ ಇದ್ದಾರೆ. ಆ ‘ಪಾಸಾದ್ರೆ ಸಾಕು’ ಅನ್ನುವ ಮಾತು ಸುಳ್ಳು.

ಪಾಸಾಗುವುದು ಬೇರೆ, ಇಂಜಿನಿಯರಿಂಗ್‌ಗೆ ಅರ್ಹನಾಗುವುದು ಬೇರೆ. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಪಿಯುಸಿ ಪಾಸಿನ ಗೆರೆಯನ್ನು ಇಳಿಸಿತು. ಪ್ರತಿ ವಿಷಯದಲ್ಲಿ ಕನಿಷ್ಠ 30, ಒಟ್ಟು 600ಕ್ಕೆ 198 ಬಂದರೆ ಪಾಸು. ಆದರೆ ಇಂಜಿನಿಯರಿಂಗ್‌ನ ಗೆರೆ ಅಲ್ಲೇ ನಿಂತಿದೆ: ಭೌತಶಾಸ್ತ್ರ, ಗಣಿತ ಮತ್ತು ಇನ್ನೊಂದು ವಿಜ್ಞಾನ ವಿಷಯ ಸೇರಿ 300ಕ್ಕೆ ಸಾಮಾನ್ಯ ವರ್ಗದವರಿಗೆ 135, ಮೀಸಲಾತಿ ವರ್ಗದವರಿಗೆ 120. ಈ ಮೂರರಲ್ಲೂ ಮೂವತ್ತು ಮೂವತ್ತು ತೆಗೆದವನು ಭಾಷೆಯ ಅಂಕಗಳ ಬಲದಿಂದ ಪಾಸಾಗಬಹುದು, ಆದರೆ ಅವನ ಕೈಯಲ್ಲಿರುವುದು ಬರೀ 90. ಹಿಂದೆ ಫೇಲ್ ಆಗಿ ಮನೆಯಲ್ಲಿ ಕೂರುತ್ತಿದ್ದ ಹುಡುಗ ಈಗ ಪಾಸಾಗಿ ಏಜೆಂಟರ ಬಲೆಗೆ ಬೀಳುತ್ತಾನೆ. ಪಾಸು ಮಾಡಿದವರು ಈ ಅಂತರವನ್ನು ಊರಿನವರಿಗೆ ಹೇಳಬೇಕಿತ್ತು.

ಒಂದು ಲೆಕ್ಕ ಹಾಕೋಣ. ಭೌತಶಾಸ್ತ್ರ 38, ಗಣಿತ 41, ರಸಾಯನಶಾಸ್ತ್ರ 44 ಬಂದಿದೆ ಅಂದುಕೊಳ್ಳಿ. ಒಟ್ಟು 123. ಹುಡುಗ 2ಎ, 3ಎ ಅಥವಾ 3ಬಿಯವನಾಗಿದ್ದು ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರ ಚಾಲ್ತಿಯಲ್ಲಿದ್ದರೆ ಅರ್ಹ. ಅದೇ ಪತ್ರದ ಅವಧಿ ಮುಗಿದು ಸಾಮಾನ್ಯ ವರ್ಗದಲ್ಲಿ ಹೋದರೆ ಹನ್ನೆರಡು ಅಂಕ ಕಡಿಮೆ, ಸೀಟಿಲ್ಲ. ಒಂದು ಹಾಳೆ ಒಬ್ಬನ ವರ್ಷವನ್ನು ತಿನ್ನುತ್ತದೆ.

ಇನ್ನೊಬ್ಬನಿಗೆ 38, 36, 40 ಬಂದಿದೆ ಅನ್ನಿ. ಒಟ್ಟು 114. ಕಾಲೇಜಿನವರು ‘ಆಗಲ್ಲ’ ಅನ್ನುತ್ತಾರೆ. ಆದರೆ ಅವನ ನಾಲ್ಕನೇ ವಿಜ್ಞಾನ ವಿಷಯ ಕಂಪ್ಯೂಟರ್ ಸೈನ್ಸ್ ಆಗಿದ್ದು, ಅದರಲ್ಲಿ 62 ಬಂದಿದ್ದರೆ? ಅರ್ಹತೆಯ ಲೆಕ್ಕದಲ್ಲಿ ರಸಾಯನಶಾಸ್ತ್ರದ ಬದಲು ಅದನ್ನು ಹಿಡಿಯಬಹುದು. 38, 36, 62 ಸೇರಿ 136. ಸಾಮಾನ್ಯ ವರ್ಗದಲ್ಲೇ ಪಾರು! ಸಿಇಟಿ ರ‍್ಯಾಂಕಿಗೆ ಮಾತ್ರ ರಸಾಯನಶಾಸ್ತ್ರವೇ ಬೇಕು, ಅರ್ಹತೆಗೆ ಅಲ್ಲ. ಇದನ್ನು ಕೌಂಟರಿನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ, ನೀವೇ ಕೇಳಬೇಕು.

ಹಾಗೂ ಸಾಲದಿದ್ದರೆ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ ಮರುಮೌಲ್ಯಮಾಪನಕ್ಕೆ ಹಾಕಬಹುದು. ಪರೀಕ್ಷೆ-2 ಬರೆಯಬಹುದು. ಪಾಸಾದವರೂ ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. 2025ರಲ್ಲಿ ಮೊದಲ ಪರೀಕ್ಷೆಯ ಫಲಿತಾಂಶ ಏಪ್ರಿಲ್ 8ಕ್ಕೆ, ಎರಡನೆಯದು ಮೇ 16ಕ್ಕೆ ಬಂತು. ಸಿಇಟಿ ಫಲಿತಾಂಶ ಬಂದದ್ದು ಮೇ 24ಕ್ಕೆ. ಹಾಗಾಗಿ ಎರಡನೇ ಪರೀಕ್ಷೆ ಕೈತಪ್ಪಿಸಿಕೊಳ್ಳಬೇಡಿ.

ಇನ್ನು ದುಡ್ಡಿನ ಮಾತು. ಮ್ಯಾನೇಜ್‌ಮೆಂಟ್ ಸೀಟಿಗೆ ಕಾಲೇಜು ಸೇರಿಸಿಕೊಂಡರೂ ವಿಟಿಯು ದಾಖಲೆ ನೋಡಿ ಒಪ್ಪಬೇಕು. ಅಲ್ಲಿವರೆಗೆ ನಿಮ್ಮದು ತಾತ್ಕಾಲಿಕ ಸೀಟು. ತರಗತಿಗೆ ಹೋಗುತ್ತಿದ್ದಾನೆ, ಐಡಿ ಕಾರ್ಡ್ ಕೊಟ್ಟಿದ್ದಾರೆ ಅನ್ನುವುದರಿಂದ ಅದು ಖಾಯಂ ಆಗುವುದಿಲ್ಲ. ಅಂಕ ಸಾಲದೆ ಅದು ಬಿದ್ದುಹೋದಾಗ ರಸೀದಿ ತಿರುಗಿಸಿ, ‘ಫೀಸ್ ವಾಪಸ್ ಇಲ್ಲ’ ಅಂತ ಇಂಗ್ಲಿಷಿನ ಸಣ್ಣಕ್ಷರ ತೋರಿಸುತ್ತಾರೆ. ಎಐಸಿಟಿಇ ನಿಯಮ ಹಾಗಿಲ್ಲ. ಕೋರ್ಸ್ ಶುರುವಾಗುವ ಮೊದಲು ಸೀಟು ಬಿಟ್ಟರೆ ಹೆಚ್ಚೆಂದರೆ ಸಾವಿರ ರೂಪಾಯಿ ಹಿಡಿದುಕೊಂಡು ಉಳಿದದ್ದೆಲ್ಲ ಕೊಡಬೇಕು. ಶುರುವಾದ ಮೇಲೆ ಬಿಟ್ಟು, ಆ ಸೀಟಿಗೆ ಬೇರೆಯವರು ಬಂದರೆ ಓದಿದಷ್ಟು ತಿಂಗಳ ಫೀಸು, ಹಾಸ್ಟೆಲ್ ಬಾಡಿಗೆ ಮಾತ್ರ ಕಳೆಯಬಹುದು. ಟಿಸಿಯನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ. ತಾನಾಗಿ ಬಿಟ್ಟುಹೋದ ಹುಡುಗನಿಗೇ ಇಷ್ಟು ಹಕ್ಕಿರುವಾಗ, ಅರ್ಹತೆ ಇಲ್ಲ ಎಂದು ನೀವೇ ಹೊರಗೆ ಕಳಿಸಿದವನ ದುಡ್ಡನ್ನು ಯಾವ ನ್ಯಾಯದಲ್ಲಿ ಇಟ್ಟುಕೊಳ್ಳುತ್ತೀರಿ?

ನಾವು ಕೇಳುವುದು ದೊಡ್ಡದಲ್ಲ. ಪ್ರಾವಿಶನಲ್ ರಸೀದಿಯ ಮೇಲೆ ಕನ್ನಡದಲ್ಲಿ ಬರೆಯಿರಿ: ಯಾವ ಮೂರು ವಿಷಯಕ್ಕೆ ಎಷ್ಟು ಅಂಕ ಬೇಕು, ಯಾವ ದಿನದೊಳಗೆ ಅಂಕಪಟ್ಟಿ ಕೊಡಬೇಕು, ಅಂಕ ಬರದಿದ್ದರೆ ಎಷ್ಟು ದುಡ್ಡು ಯಾವತ್ತು ವಾಪಸ್. ಸಹಿ, ಸೀಲು ಹಾಕಿ. ಓದುವವರೇ, ಇದನ್ನು ಬರೆದುಕೊಡಲು ಹಿಂದೆಮುಂದೆ ನೋಡುವ ಕಡೆ ರಿಸಲ್ಟಿಗೆ ಮುಂಚೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕೊಬ್ಬರಿ ಅಟ್ಟದಲ್ಲೇ ಇರಲಿ, ಕೆಡುವುದಿಲ್ಲ.